ಜಮೀನು ಎಲ್ಲಿ ತಗೊಳ್ಳೋದು: ಆಗುಂಬೆ ಕಡೆಯೋ, ಚಳ್ಳಕೆರೆ ಕಡೆಯೋ?

ಎರಡೂ ಕಡೆ ಜಮೀನು ನೋಡಿದ್ದೀರಿ, ಅಲ್ವಾ? ಮೊದಲು ಮಳೆ ಲೆಕ್ಕ ಹಾಕಿ.

ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಏರಿದಷ್ಟೂ ತಣ್ಣಗಾಗಿ, ಆವಿ ಹನಿಯಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ. ಘಟ್ಟ ದಾಟಿದ ಗಾಳಿಯಲ್ಲಿ ತೇವ ಕಮ್ಮಿ. ಅದು ಕೆಳಗಿಳಿಯುವಾಗ ಒತ್ತಡ ಹೆಚ್ಚಿ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಮೋಡ ಕರಗುತ್ತದೆ. ಅದಕ್ಕೇ ಚಳ್ಳಕೆರೆಗೆ 500 ಮಿ.ಮೀ. ಸಿಕ್ಕರೆ ದೊಡ್ಡದು. ಅದರಲ್ಲೂ ಜಾಸ್ತಿ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ಆಗುಂಬೆಯಲ್ಲಿ ಜಡಿಮಳೆ ಅಂತ ಚಳ್ಳಕೆರೆಯಲ್ಲಿ ಬಿತ್ತನೆಗೆ ಹೊರಡಬೇಡಿ.

ಬೆಳೆ ವಿಚಾರಕ್ಕೆ ಬಂದರೆ, ಅಡಿಕೆ ಬೇಕಿದ್ದರೆ ಘಟ್ಟದ ಕಡೆಯೇ ಸರಿ. ಆದರೆ ಬಿಡದ ಮಳೆಯಲ್ಲಿ ಕೊಳೆರೋಗ ಬರುತ್ತದೆ. ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯಬೇಕು, ಆಳಿನ ಖರ್ಚೂ ಇದೆ. ಶೇಂಗಾ, ಸಿರಿಧಾನ್ಯಕ್ಕೆ ಚಳ್ಳಕೆರೆ ಒಗ್ಗುತ್ತದೆ. ಒಣ ಹವೆಯಲ್ಲಿ ಕಾಯಿ ಒಣಗಿಸುವುದೂ ಸುಲಭ.

ನೀರಾವರಿ ನಂಬಿ ಚಳ್ಳಕೆರೆಯಲ್ಲಿ ಅಡಿಕೆ ಹಾಕುವ ಯೋಚನೆ ಇದ್ದರೆ, ಕೊಳವೆಬಾವಿಯ ನೀರು ಮಳೆಗಾಲದಲ್ಲಿ ಅಲ್ಲ, ಏಪ್ರಿಲ್‌ನಲ್ಲಿ ಎಷ್ಟು ಬರುತ್ತದೆ ಅಂತ ನೋಡಿಯೇ ಮುಂಗಡ ಕೊಡಿ.