ಒಂದೇ ಸ್ಲೈಡ್ ಕಟ್ಟಿನಿಂದ ಮೂರು ಬಗೆಯ ವೈವಾ ಪ್ರಶ್ನೆಗಳು: ಜಿಪ್ಸಂ ಪ್ರಶ್ನೆಯಲ್ಲಿ ಯಾವುದು ನಿಂತಿತು?

ನನ್ನ ತಂಗಿ ಕೃಷಿ ಡಿಪ್ಲೊಮಾ ಓದುತ್ತಿದ್ದಾಳೆ. ಮಣ್ಣಿನ ವಿಧಗಳು ಮತ್ತು ಬೆಳೆ ನಿರ್ವಹಣೆ ಕುರಿತು ತರಗತಿಯಲ್ಲಿ ಕೊಟ್ಟ 38 ಸ್ಲೈಡ್‌ಗಳನ್ನು ಹಿಡಿದುಕೊಂಡು, "ಅಕ್ಕ, ಇದರಿಂದಲೇ ವೈವಾ ಕೇಳುತ್ತಾರೆ, ನೀನೇ ಪ್ರಶ್ನೆ ಹಾಕು" ಎಂದಳು. ನಾನು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ, ಆದ್ದರಿಂದ ಒಪ್ಪಿಕೊಂಡೆ. ಮೂರು ವಾರಗಳಲ್ಲಿ ಮೂರು ಬಗೆಯಲ್ಲಿ ಪ್ರಶ್ನೋತ್ತರ ಸಿದ್ಧಪಡಿಸಿ ಅವಳ ಮೇಲೂ ಅವಳ ಇಬ್ಬರು ಗೆಳತಿಯರ ಮೇಲೂ ಪ್ರಯೋಗಿಸಿದೆ. ಮೂರನ್ನೂ ಅಳೆಯಲು ಒಂದೇ ವಿಷಯವನ್ನು ಇಟ್ಟುಕೊಂಡೆ. ಅದು ಜಿಪ್ಸಂ. ಆ ಕಟ್ಟಿನಲ್ಲಿ ಅದು ಎರಡು ಕಡೆ ಬರುತ್ತದೆ. ಒಂದು ಕಡೆ ಕ್ಷಾರತೆ ಹೆಚ್ಚಿರುವ ಕರಲು ಮಣ್ಣಿನ ಸುಧಾರಣೆಗೆ, ಇನ್ನೊಂದು ಕಡೆ ಕೆಂಪು ಮಣ್ಣಿನ ಶೇಂಗಾ ಬೆಳೆಗೆ.

ಮೊದಲನೆಯ ವಿಧಾನ ಎಲ್ಲರೂ ಮಾಡುವಂಥದ್ದು. ಸ್ಲೈಡಿನ ಪ್ರತಿ ಸಾಲನ್ನೂ ತಿರುಗಿಸಿ ಪ್ರಶ್ನೆ ಮಾಡುವುದು, ಆ ಸಾಲನ್ನೇ ಉತ್ತರವಾಗಿ ಬರೆಯುವುದು. ಒಂದು ಸಂಜೆಯಲ್ಲಿ 60 ಪ್ರಶ್ನೆಗಳಾದವು. "ಕೆಂಪು ಮಣ್ಣಿಗೆ ಬಣ್ಣ ಎಲ್ಲಿಂದ?" "ಕಬ್ಬಿಣದ ಆಕ್ಸೈಡಿನಿಂದ." ಇಂಥವು ಬಾಯಿಗೆ ಬೇಗ ಬರುತ್ತವೆ. ಮೂರನೆಯ ದಿನಕ್ಕೆ ತಂಗಿ ಎಲ್ಲವನ್ನೂ ಪಟಪಟನೆ ಹೇಳಿದಳು. ಆದರೆ "ಶೇಂಗಾಕ್ಕೆ ಜಿಪ್ಸಂ ಏಕೆ ಹಾಕುತ್ತಾರೆ?" ಎಂದು ಕೇಳಿದರೆ "ಮಣ್ಣಿನ ಕ್ಷಾರತೆ ತಗ್ಗಿಸಲು" ಎಂದಳು. ಜಿಪ್ಸಂ ಎಂಬ ಪದ ಕಿವಿಗೆ ಬಿದ್ದೊಡನೆ ಮೊದಲು ಕಲಿತ ಉತ್ತರ ಹೊರಗೆ ಬಂದಿತ್ತು. ಕೆಂಪು ಮಣ್ಣು ಸಾಮಾನ್ಯವಾಗಿ ತಟಸ್ಥ ಇಲ್ಲವೆ ತುಸು ಹುಳಿ ಎಂದು ಹಿಂದಿನ ಪ್ರಶ್ನೆಗೆ ತಾನೇ ಹೇಳಿದ್ದನ್ನು ಇದರೊಂದಿಗೆ ಹೊಂದಿಸಿ ನೋಡುವುದು ಅವಳಿಗೆ ತೋಚಲಿಲ್ಲ. ತಪ್ಪು ಅವಳದಲ್ಲ. ಒಂದು ಸಾಲಿಗೂ ಇನ್ನೊಂದಕ್ಕೂ ನಂಟಿಲ್ಲದಂತೆ ನಾನೇ ಕತ್ತರಿಸಿ ಕೊಟ್ಟಿದ್ದೆ.

ಎರಡನೆಯದು ಸರಪಳಿ. ಒಂದು ಪ್ರಶ್ನೆ, ಅದರ ಉತ್ತರದಿಂದಲೇ ಹುಟ್ಟುವ ಮತ್ತೊಂದು, ಅದರಿಂದ ಮೂರನೆಯದು. ಪರೀಕ್ಷಕರು ಕೇಳುವುದು ಹೆಚ್ಚಾಗಿ ಹೀಗೆಯೇ. ಜಿಪ್ಸಂ ಸರಪಳಿಯನ್ನು ಹೀಗೆ ಬರೆದೆ.

ಪ್ರಶ್ನೆ: ಕರಲು ಮಣ್ಣಿಗೆ ಜಿಪ್ಸಂ ಹಾಕುವುದೇಕೆ?
ಉತ್ತರ: ಅಲ್ಲಿ ಜೇಡಿ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ.

ಪ್ರಶ್ನೆ: ಸೋಡಿಯಂ ಇದ್ದರೆ ಬೆಳೆಗೆ ಏನು ತೊಂದರೆ?
ಉತ್ತರ: ಜೇಡಿ ಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ, ಒಣಗಿದಾಗ ಮೇಲ್ಪದರ ಗಟ್ಟಿಯಾಗಿ ಮೊಳಕೆ ಮೇಲೇಳುವುದಿಲ್ಲ.

ಪ್ರಶ್ನೆ: ಹೊರಬಂದ ಸೋಡಿಯಂ ಎಲ್ಲಿಗೆ ಹೋಗುತ್ತದೆ?
ಉತ್ತರ: ಸೋಡಿಯಂ ಸಲ್ಫೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಒಳ್ಳೆಯ ನೀರು ನಿಲ್ಲಿಸಿ ಅದನ್ನು ಕೆಳಕ್ಕೆ ಬಸಿಯಬೇಕು. ಬಸಿಗಾಲುವೆ ಇಲ್ಲದಿದ್ದರೆ ಜಿಪ್ಸಂ ಹಾಕಿಯೂ ಪ್ರಯೋಜನ ಕಾಣುವುದಿಲ್ಲ.

ಈ ಮೂರನೆಯ ಉತ್ತರ ಸ್ಲೈಡಿನಲ್ಲಿ ಇರಲಿಲ್ಲ. "ಜಿಪ್ಸಂ ಹಾಕಿ, ನೀರು ಬಸಿಯಿರಿ" ಎಂದಷ್ಟೇ ಇತ್ತು. ಬಸಿಯುವುದು ಏಕೆಂದು ಗೊತ್ತಾದ ಮೇಲೆ ತಂಗಿ ಆ ಎರಡು ಮಾತುಗಳನ್ನು ಎಂದೂ ಬೇರ್ಪಡಿಸಿ ಹೇಳಲಿಲ್ಲ. ಶೇಂಗಾ ಪ್ರಶ್ನೆಯನ್ನೂ ತಾನಾಗಿಯೇ ಬಿಡಿಸಿದಳು: ಶೇಂಗಾದ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನಿಂದಲ್ಲ, ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ; ಅದು ಸಾಲದಿದ್ದರೆ ಕಾಯಿ ಪೊಳ್ಳಾಗುತ್ತದೆ; ಆದ್ದರಿಂದ ಹೂ ಬಿಡುವ ಹೊತ್ತಿಗೆ ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸುತ್ತಾರೆ. ಇಲ್ಲಿ ಜಿಪ್ಸಂ ಬೆಳೆಗೆ ಆಹಾರ, ಅಲ್ಲಿ ಮಣ್ಣಿಗೆ ಔಷಧ.

ಸರಪಳಿಯ ಕಷ್ಟ ಅದನ್ನು ಬರೆಯುವವರದು. ಒಂದು ಕೊಂಡಿ ತಪ್ಪಾದರೆ ಮುಂದಿನದೆಲ್ಲ ತಪ್ಪುತ್ತದೆ. ಎರೆ ಮಣ್ಣಿನ ಕಪ್ಪು ಬಣ್ಣಕ್ಕೆ ಸಾವಯವ ಅಂಶ ಹೆಚ್ಚಿರುವುದೇ ಕಾರಣ ಎಂದು ಒಬ್ಬಳು ಗೆಳತಿ ಬರೆದುಕೊಂಡು ಬಂದಿದ್ದಳು. ಅಲ್ಲಿಂದ ಸರಪಳಿ "ಹಾಗಾದರೆ ಸಾರಜನಕ ಕಡಿಮೆ ಹಾಕಬಹುದು" ಎಂಬಲ್ಲಿಗೆ ಹೋಗಿ ಮುಟ್ಟಿತು. ನಿಜದಲ್ಲಿ ಎರೆ ಮಣ್ಣಿನಲ್ಲಿ ಸಾವಯವ ಇಂಗಾಲ ಬಹುಮಟ್ಟಿಗೆ ಕಡಿಮೆಯೇ. ಟೈಟಾನಿಯಂ ಸೇರಿದ ಮ್ಯಾಗ್ನಟೈಟ್ ಖನಿಜ ಮತ್ತು ಜೇಡಿಗೆ ಬಿಗಿಯಾಗಿ ಅಂಟಿದ ಅಲ್ಪ ಹ್ಯೂಮಸ್‌ನಿಂದ ಆ ಬಣ್ಣ ಬರುತ್ತದೆ.

ಮೂರನೆಯದು ಚೀಟಿ ವಿಧಾನ. ಪ್ರಶ್ನೆಯ ಬದಲು ಒಂದು ಹೊಲದ ಮಣ್ಣು ಪರೀಕ್ಷೆಯ ಅಂಕಿಗಳನ್ನು ಚೀಟಿಯಲ್ಲಿ ಬರೆದು ಮುಂದಿಡುವುದು. ಅಂಕಿಗಳು ನಾನೇ ಕಲ್ಪಿಸಿದವು, ಆದರೆ ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಹೊಲಗಳಂಥವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೆ. ಮೊದಲ ಚೀಟಿ: ಪಿಎಚ್ 8.1, ಲವಣಾಂಶ ತೋರಿಸುವ ಇಸಿ 6.5, ಜೇಡಿಗೆ ಅಂಟಿದ ಧಾತುಗಳಲ್ಲಿ ಸೋಡಿಯಂ ಪಾಲು ಶೇ 8. ಎರಡನೆಯದು: ಪಿಎಚ್ 9.1, ಇಸಿ 1.2, ಸೋಡಿಯಂ ಪಾಲು ಶೇ 22.

ಮೂವರೂ ಎರಡಕ್ಕೂ ಜಿಪ್ಸಂ ಎಂದರು. ಗಡಿಗಳು ಸ್ಲೈಡಿನಲ್ಲೇ ಇದ್ದವು: ಇಸಿ 4 ದಾಟಿದರೆ ಲವಣದ ಮಣ್ಣು, ಪಿಎಚ್ 8.5 ಮತ್ತು ಸೋಡಿಯಂ ಪಾಲು ಶೇ 15 ದಾಟಿದರೆ ಕರಲು. ಮೊದಲ ಹೊಲದಲ್ಲಿ ಇರುವುದು ಕರಗುವ ಉಪ್ಪು, ಜಿಪ್ಸಂನ ಅಗತ್ಯವಿಲ್ಲ. ಒಳ್ಳೆಯ ನೀರು ಮತ್ತು ಬಸಿಗಾಲುವೆ ಸಾಕು. ಎರಡನೆಯದಕ್ಕೇ ಜಿಪ್ಸಂ ಬೇಕು.

ಎಷ್ಟು ಬೇಕೆಂದೂ ಲೆಕ್ಕ ಹಾಕಿಸಿದೆ. ಆ ಮಣ್ಣಿನ ವಿನಿಮಯ ಸಾಮರ್ಥ್ಯ, ಅಂದರೆ ಅದು ಇಂಥ ಧಾತುಗಳನ್ನು ಒಟ್ಟು ಎಷ್ಟು ಹಿಡಿದಿಡಬಲ್ಲದು ಎಂಬುದು, ನೂರು ಗ್ರಾಮಿಗೆ 40 ಮಿಲಿ ಈಕ್ವಿವಲೆಂಟ್ ಎಂದಿಟ್ಟುಕೊಳ್ಳಿ. ಶೇ 22 ಎಂದರೆ 8.8 ಸೋಡಿಯಂ. ಶೇ 10ಕ್ಕೆ ಇಳಿಸಲು 4ರಷ್ಟು ಉಳಿಸಿ 4.8 ತೆಗೆಯಬೇಕು. ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣಿನಿಂದ ಒಂದೊಂದು ಮಿಲಿ ಈಕ್ವಿವಲೆಂಟ್ ತೆಗೆಯಲು ಸುಮಾರು 1.7 ಟನ್ ಶುದ್ಧ ಜಿಪ್ಸಂ ಬೇಕು, ಒಟ್ಟು 8 ಟನ್ನಿನ ಆಸುಪಾಸು. ಎಕರೆಗೆ ಸುಮಾರು 3.3 ಟನ್. ಈ ಲೆಕ್ಕ ಮಾಡಿದ ಮೇಲೆ "ಜಿಪ್ಸಂ ಹಾಕಿದರಾಯಿತು" ಎಂಬ ಮಾತು ಅವರ ಬಾಯಿಂದ ಹಗುರಾಗಿ ಬರಲಿಲ್ಲ. ಅಷ್ಟು ಗಾಡಿ ಜಿಪ್ಸಂ ತರಿಸುವ ರೈತ ಯಾರೆಂದು ಯೋಚಿಸತೊಡಗಿದರು.

ಆದರೂ ಚೀಟಿಯಿಂದಲೇ ಶುರುಮಾಡುವುದನ್ನು ನಾನು ಒಪ್ಪುವುದಿಲ್ಲ. ಗಡಿ ಅಂಕಿಗಳು ಬಾಯಿಗೆ ಬಾರದವಳಿಗೆ ಚೀಟಿ ಬರೀ ಒಗಟಾಗುತ್ತದೆ. ಗೆಳತಿಯರಲ್ಲಿ ಒಬ್ಬಳು ಮೊದಲ ದಿನವೇ ಹೆದರಿ ಸುಮ್ಮನಾದಳು. ಅಲ್ಲದೆ ಒಂದು ಚೀಟಿಯನ್ನು ಸರಿಯಾಗಿ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು, ಅಂಕಿಗಳು ಒಂದಕ್ಕೊಂದು ಹೊಂದಬೇಕಲ್ಲ. ಹೀಗಾಗಿ ನಾನು ಈಗ ಸರಪಳಿಯನ್ನು ನಡುವೆ ಇಟ್ಟುಕೊಂಡಿದ್ದೇನೆ. ಮೊದಲ ವಿಧಾನದ 60 ಪ್ರಶ್ನೆಗಳಲ್ಲಿ ಗಡಿ ಅಂಕಿಗಳೂ ಖನಿಜಗಳ ಹೆಸರೂ ಇರುವ 15 ಮಾತ್ರ ಉಳಿದಿವೆ. ಚೀಟಿ ನಾಲ್ಕೇ ನಾಲ್ಕು, ಕೊನೆಯ ಎರಡು ದಿನಕ್ಕೆ.

ಮಾದರಿ ಉತ್ತರವನ್ನು ಮೂರು ವಾಕ್ಯಕ್ಕೆ ಮಿತಿಗೊಳಿಸಿದ್ದೂ ಫಲ ಕೊಟ್ಟಿತು: ನೇರ ಉತ್ತರ, ಕಾರಣ, ಹೊಲದಲ್ಲಿ ಮಾಡುವ ಕೆಲಸ. ನಿನ್ನೆ ಎರೆ ಮಣ್ಣಿನ ಹೆಂಟೆಯೊಂದನ್ನು ನೀರಿನಲ್ಲಿ ನೆನೆಸಿ ತಂಗಿಯ ಅಂಗೈಗೆ ಇಟ್ಟೆ. ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಒತ್ತುತ್ತ ಅವಳು ಎಳೆದ ಪಟ್ಟಿ 6 ಸೆಂ.ಮೀ. ದಾಟಿದ ಮೇಲೆಯೇ ತುಂಡಾಯಿತು. "5 ದಾಟಿತು, ಇದು ಜೇಡಿ. ನೀರು ಹಿಡಿಯುತ್ತದೆ, ಆದರೆ ಬಿಡುವುದು ನಿಧಾನ. ಹದ ಬರುವವರೆಗೆ ಕುಂಟೆ ಇಳಿಸಬಾರದು" ಎಂದಳು. ನಾನು ಪ್ರಶ್ನೆಯನ್ನು ಇನ್ನೂ ಕೇಳಿರಲಿಲ್ಲ.