ನೋಡಿದವರು ಸಾವಿರ, ಕೊಂಡವರು ಇಬ್ಬರು: ಒಂದೂವರೆ ವರ್ಷ ಈ ಆ್ಯಪ್‌ನಲ್ಲಿ ಕಾಫಿಪುಡಿ ಮಾರಿದ ಮೇಲೆ

★★★½

ಚಿಕ್ಕಮಗಳೂರಿನಲ್ಲಿ ನಮ್ಮದು ಬೀಜ ಹುರಿದು ಪುಡಿ ಮಾಡಿಕೊಡುವ ಸಣ್ಣ ಅಂಗಡಿ. ಅದೇ ಪುಡಿಯ 200 ಗ್ರಾಂ ಪ್ಯಾಕೆಟ್ಟನ್ನು ಈ ಆ್ಯಪ್‌ಗೂ ಹಾಕಿದ್ದೆ. ಮೊದಲ ಕೆಲವು ತಿಂಗಳು ಲೆಕ್ಕ ಹೆಚ್ಚುಕಡಿಮೆ ಒಂದೇ ಥರ: ನೋಡಿದವರು ಸಾವಿರದ ಆಸುಪಾಸು, ಕಾರ್ಟ್‌ಗೆ ಹಾಕಿದವರು ನಾಲ್ಕು, ಕೊಂಡವರು ಇಬ್ಬರು. ಅದರಲ್ಲೊಬ್ಬರು ನಮ್ಮ ಅತ್ತಿಗೆ.

ಬೆಲೆ ಜಾಸ್ತಿಯಾಯಿತೇನೋ ಎಂದು ಇಪ್ಪತ್ತು ರೂಪಾಯಿ ಇಳಿಸಿದೆ. ಏನೂ ಆಗಲಿಲ್ಲ. ಆಮೇಲೆ ಹೊಳೆಯಿತು, ಫೋಟೋ, ಹೆಸರು, ಬೆಲೆ ಈ ಮೂರನ್ನೂ ಹುಡುಕಾಟದ ಪಟ್ಟಿಯಲ್ಲೇ ನೋಡಿ ಜನ ಒಳಗೆ ಬರುತ್ತಾರೆ. ಕಾರ್ಟ್‌ಗೆ ಹಾಕಿ ಬಿಟ್ಟುಹೋಗಿದ್ದರೆ ಕೊರಿಯರ್ ಚಾರ್ಜನ್ನು ಬೈಯಬಹುದಿತ್ತು. ಇಲ್ಲಿ ಕಾರ್ಟ್‌ವರೆಗೆ ಹೋಗುವವರೇ ಅಪರೂಪ. ಅಂದಮೇಲೆ ಒಳಗೆ ಬಂದವರನ್ನು ವಾಪಸ್ ಕಳಿಸುತ್ತಿರುವುದು ನಾನು ಬರೆದ ವಿವರಣೆಯೇ.

ಓದಿ ನೋಡಿದೆ. ಮುಳ್ಳಯ್ಯನಗಿರಿಯ ಮಂಜು, ಅಜ್ಜನ ಕಾಲದ ತೋಟ, ಮನಸೆಳೆಯುವ ಘಮ. ಮೊಬೈಲ್‌ನಲ್ಲಿ ಕಾಣುವುದು ಮೊದಲ ಮೂರು ಸಾಲು ಮಾತ್ರ. ಆ ಮೂರೂ ಸಾಲು ಮಂಜಿಗೇ ಹೋಗಿತ್ತು! ಅಂಗಡಿಗೆ ಬಂದವರು ಮಂಜಿನ ಸುದ್ದಿ ಎತ್ತುವುದೇ ಇಲ್ಲ. "ಚಿಕೋರಿ ಎಷ್ಟು ಹಾಕಿದೀರಿ?" ಅಂತಲೇ ಶುರು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಭಾಗ ಇರಬೇಕು, ಪ್ರಮಾಣ ಪ್ಯಾಕೆಟ್ ಮೇಲೆ ಬರೆದಿರಬೇಕು ಎಂಬುದು ನಿಯಮ. ನಮ್ಮದು 80:20, ಪ್ಯಾಕೆಟ್ ಹಿಂದುಗಡೆ ಅಚ್ಚಾಗಿದೆ. ನಾನು ಫೋಟೋ ಹಾಕಿದ್ದು ಮುಂದುಗಡೆಯದು.

ಇನ್ನೊಂದು ಸುಳಿವು ಒಂದು ಸ್ಟಾರ್ ಕೊಟ್ಟವರ ಬೈಗುಳದಲ್ಲಿತ್ತು: "ಬಿಸಿ ಹಾಲಿಗೆ ಹಾಕಿದರೆ ಕರಗಲೇ ಇಲ್ಲ, ಮಣ್ಣಿನ ಹಾಗೆ ತಳ ಕೂತಿತು." ಪಾಪ, ಅವರು ಇನ್‌ಸ್ಟಂಟ್ ಅಂದುಕೊಂಡಿದ್ದಾರೆ. ಮಾರುವವರ ಪುಟದಲ್ಲಿ ಜನ ಏನು ಹುಡುಕಿ ಬಂದರು ಅನ್ನುವ ಪಟ್ಟಿ ಸಿಗುತ್ತದೆ (ಈ ಆ್ಯಪ್‌ನ ಅತ್ಯುತ್ತಮ ಸೌಲಭ್ಯ ಇದೇ). ಅದರಲ್ಲೂ ಅರ್ಧದಷ್ಟು ಇನ್‌ಸ್ಟಂಟ್ ಕಾಫಿಯವರೇ.

ಮೊದಲ ಸಾಲುಗಳನ್ನು ಹೀಗೆ ತಿದ್ದಿದೆ:

"ಫಿಲ್ಟರ್ ಕಾಫಿಪುಡಿ. ಇನ್‌ಸ್ಟಂಟ್ ಅಲ್ಲ, ಡಿಕಾಕ್ಷನ್ ಇಳಿಸಬೇಕು. ಕಾಫಿ 80, ಚಿಕೋರಿ 20. ಹುರಿದ ದಿನಾಂಕ ಪ್ಯಾಕೆಟ್ ಮೇಲಿದೆ. 200 ಗ್ರಾಂನಲ್ಲಿ ಸುಮಾರು 20 ಲೋಟ."

ಮಂಜನ್ನು ಕೊನೆಗೆ ತಳ್ಳಿದೆ, ತೆಗೆಯಲು ಮನಸ್ಸು ಬರಲಿಲ್ಲ. ಬೆಲೆ, ಫೋಟೋ ಮೂರು ವಾರ ಮುಟ್ಟಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆ ಮೂರು ವಾರದಲ್ಲಿ ಹನ್ನೊಂದು ಆರ್ಡರ್ ಬಂತು. ಆಮೇಲೆ ಹೆಸರಿಗೂ "ಫಿಲ್ಟರ್" ಸೇರಿಸಿದೆ. ನೋಡುವವರು ಕಡಿಮೆಯಾದರು, ಆರ್ಡರ್ ಕಡಿಮೆಯಾಗಲಿಲ್ಲ. ಕರಗಲಿಲ್ಲ ಎನ್ನುವ ದೂರೂ ನಿಂತಿತು.

ಒಂದೂವರೆ ಸ್ಟಾರ್ ಕಡಿದದ್ದು ಯಾಕೆಂದರೆ, ಒಂದು ಅಕ್ಷರ ತಿದ್ದಿದರೂ ಒಪ್ಪಿಗೆಗೆ ಎರಡು ದಿನ ಕಾಯಿಸುತ್ತಾರೆ, ಅಷ್ಟು ದಿನ ಹಳೆಯ ವಿವರಣೆಯೇ ಕಾಣುತ್ತಿರುತ್ತದೆ. ಆ ಒಂದು ಸ್ಟಾರಿನ ಬೈಗುಳಕ್ಕೆ ಉತ್ತರ ಬರೆಯಲು ಜಾಗವನ್ನೂ ಕೊಟ್ಟಿಲ್ಲ.