ರಿಜಿಸ್ಟ್ರೇಷನ್ ಫೀಸ್ ಕೇಳೋ ಜಾಬ್ ವೆಬ್‌ಸೈಟ್‌ಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ಕೆಲಸ ಹುಡುಕ್ತಾ ಇರೋರು, ಮನೇಲಿ ಡಿಗ್ರಿ ಮುಗಿಸಿರೋ ಮಕ್ಕಳಿರೋರು ದಯವಿಟ್ಟು ಪೂರ್ತಿ ಓದಿ. ಇದು ನಮ್ಮ ಅಕ್ಕನ ಮಗಳಿಗೆ ಆಗಿದ್ದು. ದಾವಣಗೆರೇಲಿ ಬಿಕಾಂ ಮುಗಿಸಿದಾಳೆ, ಓದೋದ್ರಲ್ಲಿ ಚುರುಕು, ಫೋನು ಕಂಪ್ಯೂಟರು ಎಲ್ಲ ನಮಗಿಂತ ಚೆನ್ನಾಗಿ ಗೊತ್ತು, ಆದ್ರೂ 8,350 ರೂಪಾಯಿ ಹೋಯ್ತು. ಹಂಗಾಗಿ ಓದಿದೋರಿಗೆ ಹಿಂಗಾಗಲ್ಲ ಅಂತ ಯಾರೂ ಅಂದ್ಕೋಬೇಡಿ.

ಅವಳು ಎರಡು ಮೂರು ಜಾಬ್ ಪೋರ್ಟಲ್‌ಗಳಲ್ಲಿ ರೆಸ್ಯೂಮ್ ಹಾಕಿದ್ಲು. ಒಂದಿನ ಫೋನ್ ಬಂತು. ಅಚ್ಚ ಕನ್ನಡದಲ್ಲಿ ಮಾತಾಡೋ ಹುಡುಗಿ, "ಮೇಡಮ್, ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ, ಬೆಂಗಳೂರಲ್ಲಿ ಬ್ಯಾಕ್ ಆಫೀಸ್ ಕೆಲಸ, ನಮ್ಮ ಸೈಟಲ್ಲಿ ರಿಜಿಸ್ಟರ್ ಆಗಿ" ಅಂದ್ಲು. ಹೇಳಿದ ಕಂಪನಿ ನಿಜವಾಗ್ಲೂ ಇರೋದೇ, ಎಲ್ಲರಿಗೂ ಗೊತ್ತಿರೋ ಹೆಸರು. ಅವರದ್ದೇನೂ ತಪ್ಪಿಲ್ಲ, ಹಂಗಾಗಿ ಹೆಸರು ಬರೀತಿಲ್ಲ. ಸೈಟ್ ತೆಗೆದ್ರೆ ಅದೇ ಕಂಪನಿ ಲೋಗೋ, ಅದೇ ಬಣ್ಣ. 1,850 ರೂಪಾಯಿ ರಿಜಿಸ್ಟ್ರೇಷನ್ ಫೀಸ್, ಮೊದಲ ಸಂಬಳದ ಜೊತೆ ವಾಪಸ್ ಅಂತ ಬರೆದಿದ್ರು. ಕಟ್ಟಿದ್ಲು. ಮಾರನೇ ದಿನ ಫೋನಲ್ಲೇ ಹತ್ತು ನಿಮಿಷದ ಇಂಟರ್‌ವ್ಯೂ, ಸಂಜೆಗೆ ಆಫರ್ ಲೆಟರ್, ತಿಂಗಳಿಗೆ 26,000 ಸಂಬಳ. ಮನೇಲಿ ಎಲ್ಲರಿಗೂ ಖುಷಿ, ಅಕ್ಕ ದೇವಸ್ಥಾನಕ್ಕೂ ಹೋಗಿ ಬಂದ್ಲು. ಆಮೇಲೆ ಲ್ಯಾಪ್‌ಟಾಪ್ ಮತ್ತೆ ಐಡಿ ಕಾರ್ಡಿಗೆ ಡೆಪಾಸಿಟ್ ಅಂತ 6,500 ಕೇಳಿದ್ರು, ಅದನ್ನೂ ಕಟ್ಟಿದ್ರು. ಮೂರನೇ ಸಲ 4,720 ಕೇಳಿದ್ರು, ಡಾಕ್ಯುಮೆಂಟ್ ವೆರಿಫಿಕೇಷನ್‌ಗೆ 4,000, ಅದರ ಮೇಲೆ 18% ಜಿಎಸ್‌ಟಿ, ಇದನ್ನ ಕಟ್ಟದಿದ್ರೆ ಹಿಂದಿನ ದುಡ್ಡೂ ರಿಫಂಡ್ ಆಗಲ್ಲ ಅಂತ. ಆಗ ಅವಳು ನಂಗೆ ಫೋನ್ ಮಾಡಿ, "ಮಾಮ, ಇದು ಸರಿ ಇದೆಯಾ ಸ್ವಲ್ಪ ನೋಡ್ತೀಯಾ" ಅಂದ್ಲು.

ನೋಡಿದಾಗ ಏನೇನು ಸಿಕ್ತು ಅನ್ನೋದೇ ಈ ಬರಹ, ಯಾಕಂದ್ರೆ ಅವುಗಳಲ್ಲಿ ಬಹುಪಾಲು ಮೊದಲನೇ 1,850 ಕಟ್ಟೋ ಮುಂಚೇನೇ ಅಲ್ಲೇ ಕಣ್ಣೆದುರು ಇದ್ವು.

ಅವಳು ಫೀಸ್ ಕಟ್ಟೋ ಮುಂಚೆ ಏನೂ ವಿಚಾರಿಸಿರಲಿಲ್ಲ ಅಂತಲ್ಲ. ಸೈಟಿನ ಕೆಳಗಡೆ ಕಂಪನಿ ನೋಂದಣಿಯ ಸಿಐಎನ್ ನಂಬರ್ ಇತ್ತು, ಅದನ್ನ ಕೇಂದ್ರ ಸರ್ಕಾರದ mca.gov.in ಅಲ್ಲಿ ಹಾಕಿ ನೋಡಿದ್ಲು, ಕಂಪನಿ ಇದೆ, ಸ್ಟೇಟಸ್ ಆಕ್ಟಿವ್ ಅಂತ ಬಂತು, ಅಲ್ಲಿಗೆ ನಂಬಿದ್ಲು. ಬಹಳ ಜನ ಸಿಕ್ಕಿ ಬೀಳೋದು ಇಲ್ಲೇ ಅಂತ ನನ್ನ ಅನಿಸಿಕೆ. ಕಂಪನಿ ಇದೆಯಾ ಅಂತ ಚೆಕ್ ಮಾಡಿದ್ರೆ ಇದೆ ಅಂತಾನೇ ಬರುತ್ತೆ, ಮೋಸ ಮಾಡೋರು ಇರೋ ಕಂಪನಿ ಹೆಸರನ್ನೇ ತಾನೆ ತಗೊಳ್ಳೋದು. ಆ ನಂಬರ್ ಎಲ್ಲರಿಗೂ ಸಿಗುತ್ತೆ, ಯಾರು ಬೇಕಾದ್ರೂ ಕಾಪಿ ಮಾಡಿ ತಮ್ಮ ಸೈಟಲ್ಲಿ ಹಾಕ್ಕೋಬಹುದು. ನೋಡಬೇಕಾಗಿರೋದು ಈ ಸೈಟು ಆ ಕಂಪನಿಯದ್ದಾ ಅನ್ನೋದು, ಮತ್ತೆ ದುಡ್ಡು ಯಾರ ಅಕೌಂಟಿಗೆ ಹೋಗ್ತಿದೆ ಅನ್ನೋದು.

ಮೊದಲು ಸೈಟಿನ ಅಡ್ರೆಸ್. ಉದಾಹರಣೆಗೆ ಕಂಪನಿಯ ಅಸಲಿ ಸೈಟು companyname.com ಅಂತಿಟ್ಕೊಳ್ಳಿ. careers.companyname.com ಅಂತಿದ್ರೆ ಅದು ಅವರದ್ದೇ, ಯಾಕಂದ್ರೆ ಚುಕ್ಕೆ ಹಾಕಿ ಮುಂದೆ ಸೇರಿಸೋ ಹೆಸರನ್ನ companyname.com ಕೈಯಲ್ಲಿರೋರು ಮಾತ್ರ ಮಾಡೋಕಾಗೋದು. ಆದ್ರೆ companyname-careers.in ಅಂತಿದ್ರೆ ಅದು ಬೇರೆಯದೇ ಹೆಸರು, ವರ್ಷಕ್ಕೆ ಕೆಲವು ನೂರು ರೂಪಾಯಿ ಕೊಟ್ರೆ ಯಾರಿಗೆ ಬೇಕಾದ್ರೂ ಸಿಗುತ್ತೆ. ಚುಕ್ಕೆ ಎಲ್ಲಿದೆ, ಅಡ್ಡಗೆರೆ ಎಲ್ಲಿದೆ ಅಂತ ನೋಡಬೇಕು. ಅಡ್ರೆಸ್ಸಲ್ಲಿ ಮೊದಲನೇ ಒಂಟಿ ಸ್ಲ್ಯಾಶ್ ಬರೋವರೆಗಿನ ಭಾಗವನ್ನ ಬಲಗಡೆಯಿಂದ ಓದಿಕೊಂಡು ಬನ್ನಿ, ಅಲ್ಲಿ ಬಲತುದೀಲಿ companyname.com ಥರ ಇರೋದೇ ಅಸಲಿ ಹೆಸರು. ನಮ್ಮ ಹುಡುಗಿಗೆ ಬಂದಿದ್ದು ಅಡ್ಡಗೆರೆದು. ಬೀಗದ ಗುರುತಿತ್ತು ಮಾಮ ಅಂದ್ಲು. ಆ ಬೀಗ ಅಂದ್ರೆ ನೀವು ಟೈಪ್ ಮಾಡಿದ್ದನ್ನ ದಾರೀಲಿ ಬೇರೆಯೋರು ಓದೋಕಾಗಲ್ಲ ಅಂತ ಅಷ್ಟೇ, ಆ ಕಡೆ ಕೂತಿರೋನು ಒಳ್ಳೆಯೋನಾ ಕೆಟ್ಟೋನಾ ಅಂತ ಅದು ಹೇಳಲ್ಲ. ಅದಕ್ಕೆ ಬೇಕಾದ ಸರ್ಟಿಫಿಕೇಟು ಫ್ರೀಯಾಗೇ ಸಿಗುತ್ತೆ.

ಆಮೇಲೆ ಸೈಟಿನ ವಯಸ್ಸು ನೋಡಿದೆ. ಇದು ಯಾರು ಬೇಕಾದ್ರೂ ಫೋನಲ್ಲೇ ಮಾಡಬಹುದು. .in ಅಂತ ಮುಗಿಯೋ ಸೈಟಾದ್ರೆ registry.in, .com ಆದ್ರೆ lookup.icann.org ಅಲ್ಲಿ ಹೋಗಿ ಸೈಟಿನ ಹೆಸರು ಹಾಕಿ. ಅಲ್ಲಿ Creation Date ಅಥವಾ Created ಅಂತ ಒಂದು ಸಾಲಿರುತ್ತೆ, ಆ ಹೆಸರು ಯಾವತ್ತು ರಿಜಿಸ್ಟರ್ ಆಯ್ತು ಅಂತ. ಮಾಲೀಕರ ಹೆಸರು ಸಾಮಾನ್ಯವಾಗಿ ಮುಚ್ಚಿರುತ್ತೆ, ಅದರಲ್ಲಿ ತಪ್ಪೇನಿಲ್ಲ, ತಾರೀಕು ಸಿಕ್ರೆ ಸಾಕು. "2009 ರಿಂದ ಸಾವಿರಾರು ಯುವಕರಿಗೆ ಉದ್ಯೋಗ" ಅಂತ ಮುಖಪುಟದಲ್ಲಿ ಬರ್ಕೊಂಡಿದ್ದ ಆ ಸೈಟು ಹುಟ್ಟಿ ಮೂರು ವಾರ ಆಗಿತ್ತು. ಮೂರೇ ವಾರ! ಇಷ್ಟು ನೋಡೋಕೆ ಎರಡು ನಿಮಿಷ ಸಾಕಿತ್ತು. ಆದ್ರೆ ಹಳೇ ತಾರೀಕಿದ್ರೆ ಒಳ್ಳೇ ಸೈಟು ಅಂತ ತೀರ್ಮಾನ ಮಾಡೋಹಂಗಿಲ್ಲ, ಹಳೇ ಹೆಸರುಗಳನ್ನ ಕೊಂಡುಕೊಂಡು ಉಪಯೋಗಿಸೋರೂ ಇದಾರೆ. ಹೊಸ ತಾರೀಕು ಸುಳ್ಳನ್ನ ಹಿಡಿಯುತ್ತೆ, ಹಳೇ ತಾರೀಕಿಂದ ಸತ್ಯ ಏನೂ ಸಾಬೀತಾಗಲ್ಲ.

ಪೇಮೆಂಟ್ ರಸೀದೀಲಿ ಒಂದು ಜಿಎಸ್‌ಟಿ ನಂಬರೂ ಇತ್ತು. ಅದು 15 ಅಕ್ಷರದ್ದು, ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕ ಅಂದ್ರೆ 29. ರಸೀದೀಲಿ ಅಡ್ರೆಸ್ ಬೆಂಗಳೂರಿನ ಕೋರಮಂಗಲ, ನಂಬರ್ ಶುರುವಾಗಿದ್ದು 27 ಇಂದ, ಅಂದ್ರೆ ಮಹಾರಾಷ್ಟ್ರ. gst.gov.in ಅಲ್ಲಿ ಲಾಗಿನ್ ಇಲ್ಲದೇನೇ Search Taxpayer ಅಂತ ಇದೆ, ಅಲ್ಲಿ ಹಾಕಿದ್ರೆ ಯಾವುದೋ ಹಾರ್ಡ್‌ವೇರ್ ಅಂಗಡಿ, ಅದೂ ನೋಂದಣಿ ಕ್ಯಾನ್ಸಲ್ ಆಗಿದ್ದು. ಪಾಪ ಆ ಅಂಗಡಿಯೋರಿಗೆ ತಮ್ಮ ನಂಬರ್ ಹಿಂಗೆ ಬಳಕೆ ಆಗ್ತಿದೆ ಅಂತ ಗೊತ್ತೂ ಇರಲ್ಲ.

ಇದೆಲ್ಲಕ್ಕಿಂತ ದೊಡ್ಡ ಸುಳಿವು ಇದ್ದಿದ್ದು ಯುಪಿಐ ಸ್ಕ್ರೀನಲ್ಲಿ. ಕ್ಯೂಆರ್ ಸ್ಕ್ಯಾನ್ ಮಾಡಿದ ತಕ್ಷಣ, ಪಿನ್ ಹಾಕೋ ಮುಂಚೆ, ದುಡ್ಡು ಯಾರಿಗೆ ಹೋಗುತ್ತೆ ಅಂತ ಒಂದು ಹೆಸರು ಬರುತ್ತಲ್ಲ, ಅಲ್ಲಿ ಕಂಪನಿ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರಿತ್ತು. ಎರಡನೇ ಸಲ ಇನ್ನೊಬ್ಬರ ಹೆಸರು. ಕೇಳಿದ್ದಕ್ಕೆ "ಅವರು ನಮ್ಮ ಅಕೌಂಟ್ಸ್ ಮ್ಯಾನೇಜರ್" ಅಂದಿದ್ರಂತೆ. ಅಷ್ಟು ದೊಡ್ಡ ಕಂಪನಿ ತನ್ನ ದುಡ್ಡನ್ನ ಮ್ಯಾನೇಜರ್ ಸ್ವಂತ ಖಾತೆಗೆ ಹಾಕಿಸ್ಕೊಳಲ್ಲ ಕಣ್ರೀ. ಆ ಸ್ಕ್ರೀನಲ್ಲಿ ಒಂದು ಕ್ಷಣ ನಿಂತು ಹೆಸರು ಓದಿ.

ಇನ್ನು ಈ ರಿಕ್ರೂಟರ್‌ಗಳಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಗೊತ್ತಿದ್ರೆ ಫೀಸ್ ಯಾಕೆ ಅನುಮಾನದ್ದು ಅಂತ ಅರ್ಥ ಆಗುತ್ತೆ. ಕನ್ಸಲ್ಟೆನ್ಸಿಯೋರು ಒಬ್ಬರನ್ನ ಕೆಲಸಕ್ಕೆ ಸೇರಿಸಿದ್ರೆ ಅವರಿಗೆ ಕಮಿಷನ್ ಕೊಡೋದು ಕಂಪನಿ. ನಮ್ಮಲ್ಲಿ ಸಾಮಾನ್ಯವಾಗಿ ವರ್ಷದ ಸಂಬಳದ 8.33%, ಅಂದ್ರೆ ಒಂದು ತಿಂಗಳ ಸಂಬಳದಷ್ಟು, ಅನ್ನೋ ಲೆಕ್ಕ ಬಹಳ ಕಡೆ ಇದೆ. 26,000 ಸಂಬಳದ ಕೆಲಸಕ್ಕೆ ಕಂಪನಿಯಿಂದಾನೇ ಸುಮಾರು ಅಷ್ಟು ದುಡ್ಡು ಬರೋವಾಗ ಇನ್ನೂ ಕೆಲಸಾನೇ ಇಲ್ಲದ ಹುಡುಗಿ ಹತ್ರ 1,850 ಯಾಕೆ ಕೇಳ್ತಾರೆ? ಅವರ ಸಂಪಾದನೆನೇ ಆ 1,850 ಆಗಿದ್ರೆ ಮಾತ್ರ. ಕೇಂದ್ರ ಕಾರ್ಮಿಕ ಇಲಾಖೆಯ ncs.gov.in ಕೂಡ ಕೆಲಸ ಹುಡುಕೋರ ಹತ್ರ ರಿಜಿಸ್ಟ್ರೇಷನ್‌ಗೆ ಒಂದು ಪೈಸೆನೂ ತಗೊಳಲ್ಲ.

ಹಂಗಂತ ಫೀಸ್ ಅಂದಿದ್ದೆಲ್ಲ ಮೋಸ ಅಂತಲ್ಲ, ಇದನ್ನ ಸ್ಪಷ್ಟವಾಗಿ ಹೇಳ್ಬೇಕು. ಸರ್ಕಾರಿ ಪರೀಕ್ಷೆಗಳಿಗೆ ಅರ್ಜಿ ಶುಲ್ಕ ಇರುತ್ತೆ, ಕೆಪಿಎಸ್‌ಸಿ, ಕೆಇಎ, ರೈಲ್ವೆ ಎಲ್ಲದಕ್ಕೂ. ಆದ್ರೆ ಅಲ್ಲಿ ಮೊದಲು ಅಧಿಸೂಚನೆ ಬಂದಿರುತ್ತೆ, ಎಷ್ಟು ಶುಲ್ಕ, ಯಾರಿಗೆ ವಿನಾಯಿತಿ ಅಂತ ಅದರಲ್ಲೇ ಇರುತ್ತೆ, ಕಟ್ಟೋದು ಪರೀಕ್ಷೆ ಬರೆಯೋಕೆ, ಕೆಲಸ ಕೊಡ್ತೀವಿ ಅಂತಲ್ಲ, ಮತ್ತೆ ಯಾರೂ ಫೋನ್ ಮಾಡಿ ಈಗಲೇ ಕಟ್ಟಿ ಅನ್ನಲ್ಲ. ಸೈಟು .gov.in ಅಥವಾ .nic.in ಅಂತ ಮುಗಿಯುತ್ತಾ ನೋಡಿ, ಇವೆರಡನ್ನೂ ಖಾಸಗಿಯೋರಿಗೆ ಕೊಡಲ್ಲ. .org.in ಅಥವಾ .co.in ಯಾರಿಗೆ ಬೇಕಾದ್ರೂ ಸಿಗುತ್ತೆ, ಅದನ್ನ ನೋಡಿ ಸರ್ಕಾರದ್ದು ಅಂದ್ಕೋಬೇಡಿ. ದೊಡ್ಡ ಜಾಬ್ ಪೋರ್ಟಲ್‌ಗಳೂ ರೆಸ್ಯೂಮ್ ಬರೆದುಕೊಡೋಕೆ ದುಡ್ಡು ತಗೊಳ್ತವೆ, ಅದು ಬೇಕಾದ್ರೆ ಕೊಳ್ಳೋ ಸೇವೆ, ಕೊಳ್ಳದಿದ್ರೂ ಅರ್ಜಿ ಹಾಕಬಹುದು.

ಖಾಸಗಿ ಕೆಲಸ ಅಂತ ಫೋನ್ ಬಂದ್ರೆ ಅವರು ಕಳ್ಸಿದ ಲಿಂಕ್ ಬಿಟ್ಟು, ಕಂಪನಿಯ ಅಸಲಿ ಸೈಟನ್ನ ನೀವೇ ಹುಡುಕಿ ತೆಗೆದು, ಅದರ ಕರಿಯರ್ಸ್ ಪೇಜಲ್ಲಿ ಆ ಕೆಲಸ ಇದೆಯಾ ನೋಡಿ. ಅಲ್ಲಿರೋ ನಂಬರಿಗೋ ಇಮೇಲಿಗೋ ಬರೆದು ಕೇಳಿ. ನಾನು ಹಿಂಗೇ ಬರೆದಿದ್ದಕ್ಕೆ ಆ ಕಂಪನಿಯಿಂದ ಉತ್ತರ ಬಂತು, ನಾವು ಯಾರ ಹತ್ರನೂ ಫೀಸ್ ತಗೊಳಲ್ಲ, ಆ ಸೈಟು ನಮ್ಮದಲ್ಲ ಅಂತ.

ಅವಳು ನಂಗೆ ಫೋನ್ ಮಾಡಿದ ದಿನ ರಾತ್ರಿನೇ ಸೈಬರ್ ಮೋಸದ ಸಹಾಯವಾಣಿ 1930 ಗೆ ಫೋನ್ ಮಾಡಿದ್ವಿ. ಅವರು ಮೊದಲು ಕೇಳಿದ್ದು ಯುಪಿಐ ಪೇಮೆಂಟಿನ 12 ಅಂಕಿಯ ಯುಟಿಆರ್ ನಂಬರ್, ಯಾವ ಬ್ಯಾಂಕಿಂದ ಹೋಯ್ತು, ಎಷ್ಟು ಹೊತ್ತಿಗೆ ಅಂತ. ಹಂಗಾಗಿ ಫೋನ್ ಮಾಡೋ ಮುಂಚೆ ಅವನ್ನ ಒಂದು ಚೀಟೀಲಿ ಬರ್ಕೊಳ್ಳಿ. ಆಮೇಲೆ cybercrime.gov.in ಅಲ್ಲಿ ದೂರು ಹಾಕಿ, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ಬಂದ್ವಿ. ಎರಡನೇ ಪೇಮೆಂಟ್ ಮಾಡಿದ್ದು ಅವತ್ತೇ ಮಧ್ಯಾಹ್ನ, ಅದರಲ್ಲಿ ಸ್ವಲ್ಪ ಆ ಖಾತೇಲೇ ತಡೆಹಿಡಿದಿದಾರೆ, ಕೈಗೆ ಇನ್ನೂ ಬಂದಿಲ್ಲ. ಮೊದಲನೇ 1,850 ಅಷ್ಟೊತ್ತಿಗೆ ಬೇರೆ ಖಾತೆಗಳಿಗೆ ಹಂಚಿ ಹೋಗಿತ್ತು. ಬೇಗ ಹೇಳಿದಷ್ಟೂ ಉಳಿಯೋ ಸಾಧ್ಯತೆ ಜಾಸ್ತಿ, ನಾಚಿಕೆ ಪಟ್ಕೊಂಡು ಎರಡು ದಿನ ಸುಮ್ನೆ ಇರಬೇಡಿ.

ಅವಳು ಆ ಸೈಟಿಗೆ ಆಧಾರ್, ಪ್ಯಾನ್, ಪಾಸ್‌ಬುಕ್ ಫೋಟೋ ಎಲ್ಲ ಹಾಕಿದ್ಲು, ನಂಗೆ ದುಡ್ಡಿಗಿಂತ ಈ ಚಿಂತೆ ಜಾಸ್ತಿ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದೀವಿ. ಅವಳ ಹೆಸರಲ್ಲಿ ಯಾರಾದ್ರೂ ಸಾಲ ತಗೊಂಡಿದಾರಾ ಅಂತ ನೋಡೋಕೆ ಕ್ರೆಡಿಟ್ ರಿಪೋರ್ಟ್ ತೆಗೆಸ್ತಿದೀವಿ, ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಂದು ರಿಪೋರ್ಟ್ ಫ್ರೀ ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ.

ನಿಮಗೂ ಹಿಂಗೆ ಆಗಿದ್ರೆ ಇವತ್ತೇ ಆ ಸೈಟಿನ ಎಲ್ಲ ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಮೇಲ್ಗಡೆ ಅಡ್ರೆಸ್ ಪೂರ್ತಿ ಕಾಣೋಹಂಗೆ. ವಾಟ್ಸಾಪ್ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಆ ನಂಬರನ್ನ ಅದಾದ ಮೇಲೆ ಬ್ಲಾಕ್ ಮಾಡಿ. ಆಫರ್ ಲೆಟರ್ ಬಂದ ಇಮೇಲ್ ಡಿಲೀಟ್ ಮಾಡಬೇಡಿ, ಪೊಲೀಸರು ಕೇಳಿದ್ರೆ ಪಿಡಿಎಫ್ ಒಂದೇ ಸಾಲಲ್ಲ, ಆ ಇಮೇಲೇ ಬೇಕಾಗುತ್ತೆ. ನಾವು ದೂರು ಕೊಟ್ಟು ಸ್ವಲ್ಪ ದಿನಕ್ಕೇ ಆ ಸೈಟು ಓಪನ್ ಆಗೋದು ನಿಂತೋಯ್ತು, ಈಗ ನಮ್ಮ ಹತ್ರ ಇರೋದು ಅವತ್ತು ತೆಗೆದಿಟ್ಟ ಸ್ಕ್ರೀನ್‌ಶಾಟ್‌ಗಳಷ್ಟೇ.